ಸಿಸಿಯಲ್ಲಿ ಸಾಹೇಬರಿದ್ದಾರೆ

ಸರ್ಕಾರಿ ಕಚೇರಿಯಿಂದ ಬಂದ ಯಾವುದಾದರೂ ಪತ್ರದ ಕೊನೆಯನ್ನು ನೋಡಿ. ಸಹಿ, ಮೊಹರು ಎಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ‘ಪ್ರತಿ’ ಎಂದು ಬರೆದು ಒಂದು ಪಟ್ಟಿ ಕೊಟ್ಟಿರುತ್ತಾರೆ. ಮೇಲಧಿಕಾರಿಯ ಹೆಸರಿನ ಮುಂದೆ ‘ಅವಗಾಹನೆಗಾಗಿ ಸಾದರಪೂರ್ವಕವಾಗಿ ಸಲ್ಲಿಸಿದೆ’ ಎಂದಿರುತ್ತದೆ. ಕೆಲಸ ಮಾಡಬೇಕಾದವರ ಹೆಸರಿನ ಮುಂದೆ ‘ಮಾಹಿತಿ ಮತ್ತು ಅಗತ್ಯ ಕ್ರಮಕ್ಕಾಗಿ’ ಎಂದು, ಕೊನೆಗೆ ‘ಕಚೇರಿ ಪ್ರತಿ’ ಎಂದು. ಈ ಭಾಷೆಯನ್ನು ನಾವು ಎಷ್ಟೋ ಸಲ ಗೇಲಿ ಮಾಡಿದ್ದೇವೆ. ಆದರೆ ಆ ಪಟ್ಟಿಯಲ್ಲಿ ಒಂದು ಮರ್ಯಾದೆಯಿದೆ. ಯಾರಿಗೆ ಪ್ರತಿ ಹೋಗಿದೆ, ಏಕೆ ಹೋಗಿದೆ, ಅವರು ಅದನ್ನು ಓದಿ ಸುಮ್ಮನಿರಬೇಕೋ ಏನಾದರೂ ಮಾಡಬೇಕೋ ಎನ್ನುವುದನ್ನು ಅದು ಬಾಯಿಬಿಟ್ಟು ಹೇಳುತ್ತದೆ.

ಇಮೇಲ್‌ನ ಸಿಸಿ ಸಾಲು ಇದನ್ನು ಹೇಳುವುದಿಲ್ಲ. ಅಲ್ಲಿರುವುದು ಬರೀ ಹೆಸರುಗಳು. ಮೇಲ್ ಹೇಗಿರಬೇಕು ಎಂದು ಗೊತ್ತುಪಡಿಸಿದ 1982ರ ಆರ್‌ಎಫ್‌ಸಿ 822 ಎಂಬ ದಾಖಲೆ, ‘ಟು’ ಸಾಲಿನಲ್ಲಿರುವವರನ್ನು ಮುಖ್ಯ ಸ್ವೀಕರಿಸುವವರು ಎಂದೂ ಸಿಸಿಯಲ್ಲಿರುವವರನ್ನು ಮಾಹಿತಿಗಾಗಿ ಪಡೆಯುವವರು ಎಂದೂ ಹೇಳಿತ್ತು. ನಮ್ಮ ಗುಮಾಸ್ತರು ಬರೆಯುತ್ತಿದ್ದ ‘ಮಾಹಿತಿಗಾಗಿ’ಯೇ ಅದು. ಆದರೆ ಆ ದಾಖಲೆಯನ್ನು ಓದಿಕೊಂಡು ಯಾರೂ ಮೇಲ್ ಬರೆಯುವುದಿಲ್ಲ. ಕಾರಣ ಬರೆದಿಲ್ಲದ ಕಡೆ ಓದುವವರು ತಾವೇ ಒಂದು ಕಾರಣ ಹಾಕಿಕೊಳ್ಳುತ್ತಾರೆ. ಅದರಲ್ಲೂ ತಮ್ಮ ಮ್ಯಾನೇಜರ್ ಹೆಸರು ಕಂಡರೆ ಮೊದಲು ಹೊಳೆಯುವ ಕಾರಣ ಒಂದೇ: ಚಾಡಿ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಪೀಣ್ಯದಲ್ಲಿ ಪಂಪುಗಳಿಗೆ ಶಾಫ್ಟ್ ಮಾಡುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಡಿಸ್ಪ್ಯಾಚ್ ನೋಡಿಕೊಳ್ಳುವವಳು ಸವಿತಾ. ಗುರುವಾರ ಮಧ್ಯಾಹ್ನ 3 ಗಂಟೆಗೆ 400 ಶಾಫ್ಟ್‌ಗಳ ಲೋಡ್ ಹೊಸೂರಿನ ಗ್ರಾಹಕರಿಗೆ ಹೊರಡಬೇಕು. ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಹೋಗಬೇಕು. ಅದಿಲ್ಲದೆ ಅವರು ಮಾಲು ಇಳಿಸಿಕೊಳ್ಳುವುದಿಲ್ಲ. ರಿಪೋರ್ಟ್ ಕೊಡಬೇಕಾದವನು ಕ್ವಾಲಿಟಿ ವಿಭಾಗದ ರಮೇಶ. ಅವನ ಮೇಲಿನವರು ನಾಗರಾಜ್. ಸವಿತಾಳ ಮ್ಯಾನೇಜರ್ ಶೀಲಾ ಮೇಡಂ. ಸೋಮವಾರ ಒಮ್ಮೆ, ಮಂಗಳವಾರ ಬೆಳಿಗ್ಗೆ ಒಮ್ಮೆ ಚಾಟ್‌ನಲ್ಲಿ ಕೇಳಿದ್ದಾಯಿತು. ಉತ್ತರವಿಲ್ಲ. ಮಂಗಳವಾರ ಸಂಜೆ ಮನೆಗೆ ಹೊರಡುವ ಮೊದಲು ಸವಿತಾ ಒಂದು ಮೇಲ್ ಟೈಪ್ ಮಾಡುತ್ತಾಳೆ. ಕಚೇರಿಯ ಮೇಲ್‌ಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ, ನಿಜ. ಅದರ ತಿರುಳು ಕನ್ನಡದಲ್ಲಿ ಹೀಗಿದೆ:

“ರಮೇಶ್ ಅವರೇ, ಈಗಾಗಲೇ ಎರಡು ಬಾರಿ ಕೇಳಿದ್ದರೂ ಹೊಸೂರಿನ ಲೋಡ್‌ನ ರಿಪೋರ್ಟ್ ಇನ್ನೂ ಬಂದಿಲ್ಲ. ಗುರುವಾರ ಗಾಡಿ ಹೊರಡಬೇಕಿದೆ. ತಡವಾದಲ್ಲಿ ಡಿಸ್ಪ್ಯಾಚ್ ವಿಭಾಗ ಜವಾಬ್ದಾರಿಯಲ್ಲ. ದಯವಿಟ್ಟು ಜರೂರಾಗಿ ಗಮನಿಸಿ.”

‘ಟು’ನಲ್ಲಿ ರಮೇಶ. ಸಿಸಿಯಲ್ಲಿ ನಾಗರಾಜ್, ಶೀಲಾ ಮೇಡಂ, ಪ್ಲಾನಿಂಗ್‌ನ ಇಬ್ಬರು, ಸ್ಟೋರ್ಸ್‌ನ ಒಬ್ಬರು.

ಇಲ್ಲಿಗೆ ಸೆಂಡ್ ಒತ್ತುವ ಬೆರಳನ್ನು ಸ್ವಲ್ಪ ತಡೆದು, ಈ ಮೇಲ್ ಯಾರಿಗೆ ಬರೆದದ್ದು ಎಂದು ಕೇಳಿಕೊಳ್ಳಬೇಕು. ರಮೇಶನಿಗಲ್ಲ. ‘ಎರಡು ಬಾರಿ ಕೇಳಿದ್ದರೂ’ ಎನ್ನುವುದು ರಮೇಶನಿಗೆ ಹೊಸ ವಿಷಯವೇನೂ ಅಲ್ಲ, ಕೇಳಿಸಿಕೊಂಡವನು ಅವನೇ. ಅದನ್ನು ತಿಳಿಯಬೇಕಾದವರು ನಾಗರಾಜ್. ‘ಡಿಸ್ಪ್ಯಾಚ್ ವಿಭಾಗ ಜವಾಬ್ದಾರಿಯಲ್ಲ’ ಎನ್ನುವುದು ಶೀಲಾ ಮೇಡಂ ಓದಲಿ ಎಂದು. ‘ಟು’ನಲ್ಲಿ ಒಬ್ಬರ ಹೆಸರಿದ್ದು ವಾಕ್ಯಗಳೆಲ್ಲ ಸಿಸಿಯಲ್ಲಿರುವವರ ಕಡೆ ತಿರುಗಿ ಮಾತಾಡುತ್ತಿದ್ದರೆ ಡ್ರಾಫ್ಟ್ ದಾರಿ ತಪ್ಪಿದೆ ಎಂದೇ ತಿಳಿಯಬೇಕು. ಇದನ್ನು ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಸಿಸಿಯ ಹೆಸರುಗಳನ್ನೆಲ್ಲ ತೆಗೆದುಹಾಕಿ ಮೇಲನ್ನು ಮತ್ತೆ ಓದಿ. ಈಗ ಯಾವ ಸಾಲು ಅನಗತ್ಯ ಎನಿಸುತ್ತದೋ ಅದು ಸಭಿಕರಿಗಾಗಿ ಬರೆದ ಸಾಲು. ಸವಿತಾಳ ಮೇಲ್‌ನಲ್ಲಿ ಹೀಗೆ ತೆಗೆದರೆ ಉಳಿಯುವುದು ‘ಗುರುವಾರ ಗಾಡಿ ಹೊರಡಬೇಕಿದೆ’ ಎಂಬ ಒಂದೇ ಮಾತು. ಅದೂ ಎಷ್ಟು ಹೊತ್ತಿಗೆ ಎಂದು ಹೇಳಿಲ್ಲ, ರಿಪೋರ್ಟ್ ಎಷ್ಟರೊಳಗೆ ಬೇಕು ಎಂದೂ ಕೇಳಿಲ್ಲ!

ಮ್ಯಾನೇಜರನ್ನು ಸಿಸಿಯಲ್ಲಿ ಹಾಕಿದರೆ ಸಹೋದ್ಯೋಗಿಗೆ ಏನನ್ನಿಸುತ್ತದೆ ಎನ್ನುವುದನ್ನು ಅಧ್ಯಯನ ಮಾಡಿದವರಿದ್ದಾರೆ. ಆಗ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಡಿ ಕ್ರೆಮರ್ ಮತ್ತವರ ಜೊತೆಗಾರರು ಒಟ್ಟು 594 ಉದ್ಯೋಗಿಗಳ ಮೇಲೆ ಆರು ಅಧ್ಯಯನ ನಡೆಸಿ 2017ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಬರೆದರು. ಸಹೋದ್ಯೋಗಿ ಪ್ರತಿ ಸಲವೂ ಮೇಲಿನವರನ್ನು ಸಿಸಿಯಲ್ಲಿ ಇಡುತ್ತಿದ್ದರೆ ಜನರಿಗೆ ‘ಇವರಿಗೆ ನನ್ನ ಮೇಲೆ ನಂಬಿಕೆಯಿಲ್ಲ’ ಎನ್ನಿಸುತ್ತದೆ. ಅಪರೂಪಕ್ಕೆ ಇಟ್ಟಾಗ ಅಷ್ಟು ಅನ್ನಿಸುವುದಿಲ್ಲ. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಪ್ರತಿ ಸಲ’ ಎನ್ನುವ ಅಂಶ. ಒಂದು ಮೇಲ್‌ನ ಸಿಸಿಯನ್ನು ಯಾರೂ ಅದೊಂದರಿಂದಲೇ ಅಳೆಯುವುದಿಲ್ಲ. ನೀವು ಮಾಮೂಲಾಗಿ ಹೇಗೆ ಬರೆಯುತ್ತೀರಿ ಎನ್ನುವುದರ ಪಕ್ಕ ಇಟ್ಟು ಅಳೆಯುತ್ತಾರೆ. ಸದಾ ಇಬ್ಬರೇ ಮಾತಾಡಿಕೊಳ್ಳುತ್ತಿದ್ದ ಕಡೆ ಏಕಾಏಕಿ ಮೂರನೆಯ ಹೆಸರು ಬಂದರೆ ಅದು ಮೇಲ್‌ನ ಎಲ್ಲ ಮಾತಿಗಿಂತ ಜೋರಾಗಿ ಕೇಳಿಸುತ್ತದೆ. ಮೊದಲ ದಿನದಿಂದಲೇ ಪ್ರಾಜೆಕ್ಟಿನ ಮೇಲ್‌ಗಳೆಲ್ಲ ಮ್ಯಾನೇಜರಿಗೂ ಹೋಗುತ್ತಿದ್ದರೆ ಅದೇ ಹೆಸರನ್ನು ಯಾರೂ ಗಮನಿಸುವುದಿಲ್ಲ.

ಹಾಗಾದರೆ ಸವಿತಾ ಅಷ್ಟು ಜನರನ್ನು ಹಾಕಿದ್ದಾದರೂ ಏಕೆ? ‘ನಾಳೆ ನನ್ನ ತಲೆಗೆ ಬರಬಾರದು’ ಎಂದು. ನಮ್ಮ ಕಚೇರಿಗಳ ಅರ್ಧಕ್ಕರ್ಧ ಸಿಸಿ ಹುಟ್ಟುವುದೇ ಈ ಭಯದಲ್ಲಿ, ಮತ್ತು ಭಯಕ್ಕೆ ಆಧಾರವಿಲ್ಲದೆಯೂ ಇಲ್ಲ, ‘ಮೇಲ್ ಇದೆಯಾ? ಪ್ರೂಫ್ ಇದೆಯಾ?’ ಎಂದು ಕೇಳುವ ಮ್ಯಾನೇಜರುಗಳೇ ಈ ಚಾಳಿಯನ್ನು ಬೆಳೆಸಿದ್ದಾರೆ. ಆದರೆ ಸಾಕ್ಷಿಗೆ ಸಿಸಿ ಬೇಕಿಲ್ಲ. ರಮೇಶನಿಗೊಬ್ಬನಿಗೇ ಕಳಿಸಿದ ಮೇಲ್ ಕೂಡ ದಿನಾಂಕ, ಸಮಯದ ಸಮೇತ ಸೆಂಟ್ ಫೋಲ್ಡರಿನಲ್ಲಿ ಇದ್ದೇ ಇರುತ್ತದೆ. ಬೇಕಾದ ದಿನ ಅದನ್ನು ತೆರೆದು ತೋರಿಸಬಹುದು. ಸಿಸಿ ಸಾಕ್ಷಿಯನ್ನು ಗಟ್ಟಿ ಮಾಡುವುದಿಲ್ಲ, ಸಾಕ್ಷಿಯನ್ನು ಇವತ್ತೇ ಕಟಕಟೆಗೆ ತರುತ್ತದೆ ಅಷ್ಟೆ.

ಇನ್ನು, ಸಾಹೇಬರು ಓದುತ್ತಾರೆ ಎನ್ನುವ ನಂಬಿಕೆ. ದಿನಕ್ಕೆ ರಾಶಿ ಮೇಲ್ ಬರುವ ಮ್ಯಾನೇಜರುಗಳಲ್ಲಿ ಎಷ್ಟೋ ಮಂದಿ ತಾವು ಸಿಸಿಯಲ್ಲಿರುವ ಮೇಲ್‌ಗಳೆಲ್ಲ ತಾವಾಗಿ ಬೇರೆ ಫೋಲ್ಡರಿಗೆ ಹೋಗುವಂತೆ ಔಟ್‌ಲುಕ್‌ನಲ್ಲಿ ಒಂದು ರೂಲ್ ಹಾಕಿಕೊಂಡಿರುತ್ತಾರೆ. ಆ ಫೋಲ್ಡರನ್ನು ಶುಕ್ರವಾರ ಸಂಜೆಯೋ ಶನಿವಾರವೋ ಒಮ್ಮೆ ಕಣ್ಣಾಡಿಸಿದರೆ ಪುಣ್ಯ. ಹೀಗಾಗಿ ‘ಸಿಸಿಯಲ್ಲಿ ಇಟ್ಟಿದ್ದೆನಲ್ಲ ಸರ್’, ‘ಎಲ್ಲಮ್ಮಾ, ನೋಡೇ ಇಲ್ವಲ್ಲ’ ಎನ್ನುವ ಸಂಭಾಷಣೆ ದಿನನಿತ್ಯ ನಡೆಯುತ್ತದೆ. ಒಟ್ಟಿನಲ್ಲಿ ನಾಗರಾಜ್ ಆ ಮೇಲ್ ಓದಿರುವುದಿಲ್ಲ, ರಮೇಶ ಮಾತ್ರ ಅವರ ಹೆಸರನ್ನು ಓದಿರುತ್ತಾನೆ. ಕೋಪದ ಖರ್ಚು ಪೂರ್ತಿ, ಉಪಯೋಗ ಸೊನ್ನೆ.

ಸವಿತಾ ಡ್ರಾಫ್ಟನ್ನು ಅಳಿಸಿ ಮತ್ತೆ ಬರೆದಳು ಎನ್ನೋಣ. ಈ ಸಲ ‘ಟು’ನಲ್ಲಿ ರಮೇಶ ಒಬ್ಬನೇ.

“ರಮೇಶ್, ಹೊಸೂರಿನ 400 ಶಾಫ್ಟ್‌ಗಳ ಗಾಡಿ ಗುರುವಾರ ಮಧ್ಯಾಹ್ನ 3ಕ್ಕೆ ಹೊರಡುತ್ತೆ. ರಿಪೋರ್ಟ್ ಇಲ್ಲದಿದ್ದರೆ ಅವರು ಮಾಲು ಇಳಿಸಿಕೊಳ್ಳಲ್ಲ. ಬುಧವಾರ ಸಂಜೆಯೊಳಗೆ ಸಿಗುತ್ತಾ? ಆಗಲ್ಲ ಅಂದ್ರೆ ಯಾವಾಗ ಆಗುತ್ತೆ ಅಂತ ಬುಧವಾರ 12ರೊಳಗೆ ತಿಳಿಸಿ, ಗಾಡಿಯ ಸಮಯ ಹೊಂದಿಸಿಕೊಳ್ತೀನಿ.”

ಇದು ಮೊದಲಿನದಕ್ಕಿಂತ ಮೆತ್ತಗಿದೆ ಎನಿಸಬಹುದು. ನಿಜಕ್ಕೂ ಇದೇ ಹೆಚ್ಚು ಬಿಗಿಯಾಗಿದೆ. ಏನು ಬೇಕು, ಯಾವಾಗ ಬೇಕು, ಏಕೆ ಬೇಕು, ಉತ್ತರ ಎಷ್ಟರೊಳಗೆ ಎನ್ನುವುದೆಲ್ಲ ಇದೆ. ‘ಆಗಲ್ಲ’ ಎನ್ನಲು ಒಂದು ದಾರಿಯನ್ನೂ ಬಿಟ್ಟಿದೆ. ಸುಮ್ಮನಿರುವವರಲ್ಲಿ ಬಹಳ ಮಂದಿ ಸೋಮಾರಿತನದಿಂದ ಸುಮ್ಮನಿರುವುದಿಲ್ಲ, ‘ಇಲ್ಲ’ ಎನ್ನಲಾರದೆ ಸುಮ್ಮನಿರುತ್ತಾರೆ.

ಬುಧವಾರ 12 ಆಯಿತು, ಉತ್ತರವಿಲ್ಲ. ಇಲ್ಲಿ ಎರಡನೇ ಮೇಲ್‌ಗೆ ನಾಗರಾಜರನ್ನು ಸೇರಿಸುವ ಆಸೆ ಬರುತ್ತದೆ. ಅದಕ್ಕೆ ಮೊದಲು ಒಂದು ಫೋನ್ ಮಾಡಬೇಕು, ಇಲ್ಲವೇ ನಾಲ್ಕು ಹೆಜ್ಜೆ ನಡೆದು ಕ್ವಾಲಿಟಿ ವಿಭಾಗಕ್ಕೆ ಹೋಗಿಬರಬೇಕು. ಸವಿತಾ ಹೋದಳು. ರಮೇಶ ಹೇಳಿದ್ದು ಇದು: “ಮಾಡಕ್ಕೇನು ಮೇಡಂ, ಅಳತೆ ಮೆಷಿನ್ ಒಂದೇ ಇರೋದು. ಎರಡು ದಿನದಿಂದ ಚೆನ್ನೈ ಲಾಟ್‌ದೇ ನಡೀತಿದೆ. ಅದನ್ನ ಮೊದಲು ಮುಗಿಸು ಅಂದಿದ್ದಾರೆ ಸರ್. ನಾನು ಮಧ್ಯದಲ್ಲಿ ನಿಮ್ಮದು ಹೇಗೆ ಹಾಕಲಿ?”

ಈ ಎರಡು ನಿಮಿಷದಲ್ಲಿ ಇಡೀ ಪ್ರಶ್ನೆಯೇ ಬದಲಾಯಿತು. ರಮೇಶ ಕೆಲಸ ಮಾಡುತ್ತಿಲ್ಲ ಎನ್ನುವುದು ಸಮಸ್ಯೆಯಲ್ಲ. ಎರಡು ಲಾಟ್‌ಗಳಿಗೆ ಒಂದೇ ಯಂತ್ರ, ಯಾವುದು ಮೊದಲು ಎನ್ನುವುದು ಸಮಸ್ಯೆ. ಅದನ್ನು ತೀರ್ಮಾನಿಸುವ ಅಧಿಕಾರ ರಮೇಶನಿಗೂ ಇಲ್ಲ, ಸವಿತಾಳಿಗೂ ಇಲ್ಲ. ಈಗ ನಾಗರಾಜ್ ನಿಜವಾಗಿ ಬೇಕು. ಮ್ಯಾನೇಜರನ್ನು ತರಬೇಕೋ ಬೇಡವೋ ಎನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಅಳತೆ ಇದೇ: ಈ ಮೇಲ್‌ನಲ್ಲಿ ಅವರು ಮಾತ್ರ ಮಾಡಬಹುದಾದ ತೀರ್ಮಾನ ಏನಾದರೂ ಇದೆಯೇ? ಹಣ, ಗ್ರಾಹಕರಿಗೆ ಕೊಟ್ಟ ಮಾತು, ಯಾರ ಸಮಯ ಯಾವ ಕೆಲಸಕ್ಕೆ ಎನ್ನುವುದು, ಇಂಥ ತೀರ್ಮಾನ ಇದ್ದರೆ ತರಬೇಕು. ಹಾಗೆ ತಂದಾಗ ಅವರ ಜಾಗ ಸಿಸಿಯಲ್ಲ, ‘ಟು’.

ಈ ಒಂದು ಬದಲಾವಣೆಯೇ ಧಾಟಿಯನ್ನು ಹೇಗೆ ತಿರುಗಿಸುತ್ತದೆ ನೋಡಿ. ಸವಿತಾ ರಮೇಶನಿಗೆ ಮೊದಲೇ ಹೇಳಿಬಿಡುತ್ತಾಳೆ: “ನಾಗರಾಜ್ ಸರ್‌ಗೆ ಒಂದು ಮೇಲ್ ಹಾಕ್ತೀನಿ, ಯಾವುದು ಮೊದಲು ಅಂತ ಅವರೇ ಹೇಳಲಿ. ನಿಮ್ಮನ್ನೂ ಸಿಸಿಯಲ್ಲಿ ಇಟ್ಟಿರ್ತೀನಿ.” ಅವನಿಗೂ ಸಮಾಧಾನ. ಮೇಲ್ ಹೀಗೆ ಹೋಗುತ್ತದೆ, ನಾಗರಾಜ್ ‘ಟು’ನಲ್ಲಿ, ರಮೇಶ ಮತ್ತು ಶೀಲಾ ಮೇಡಂ ಸಿಸಿಯಲ್ಲಿ:

“ಸರ್, ನಾಳೆ 3ಕ್ಕೆ ಹೊಸೂರಿನ ಲೋಡ್ ಇದೆ. ಅಳತೆ ಮೆಷಿನ್ ಚೆನ್ನೈ ಲಾಟ್‌ನಲ್ಲಿ ಇರುವುದರಿಂದ ರಿಪೋರ್ಟ್ ಬಾಕಿ ಇದೆ ಎಂದು ರಮೇಶ್ ತಿಳಿಸಿದರು. ನಾಳೆ ಬೆಳಿಗ್ಗೆ ಎರಡು ಗಂಟೆ ಮೆಷಿನ್ ಸಿಕ್ಕರೆ ಗಾಡಿ ಹೇಳಿದ ಸಮಯಕ್ಕೆ ಹೊರಡುತ್ತದೆ. ಆಗದಿದ್ದರೆ ಶುಕ್ರವಾರಕ್ಕೆ ಬದಲಿಸಿ ಹೊಸೂರಿನವರಿಗೆ ಇವತ್ತೇ ತಿಳಿಸುತ್ತೇನೆ. ಯಾವುದು ಎಂದು 5ರೊಳಗೆ ಹೇಳಿದರೆ ಸಾಕು. ಗ್ರಾಹಕರ ದಿನಾಂಕ ಬದಲಾಗಬಹುದಾದ್ದರಿಂದ ಶೀಲಾ ಮೇಡಂ ಅವರನ್ನು ಸಿಸಿಯಲ್ಲಿ ಇಟ್ಟಿದ್ದೇನೆ.”

ಮೊದಲಿನ ಮೇಲ್‌ನಲ್ಲಿ ರಮೇಶ ಆರೋಪಿ. ಇಲ್ಲಿ ಅವನು ಮಾಹಿತಿ ಕೊಟ್ಟವನು. ನಾಗರಾಜರಿಗೆ ಇದೊಂದು ದೂರಿನಂತೆ ಕಾಣುವುದಿಲ್ಲ; ಎರಡು ಆಯ್ಕೆಗಳಿರುವ ಪ್ರಶ್ನೆ, ಫೋನಿನಲ್ಲೇ ಎರಡು ಪದದಲ್ಲಿ ಉತ್ತರಿಸಬಹುದು. ಕೊನೆಯ ವಾಕ್ಯ ಆ ಹಳೆಯ ಸರ್ಕಾರಿ ಪತ್ರದ ಕೆಲಸವನ್ನೇ ಮಾಡುತ್ತಿದೆ. ಸಿಸಿಯಲ್ಲಿ ಯಾರನ್ನು ಏಕೆ ಇಟ್ಟಿದೆ ಎಂದು ಒಂದು ಸಾಲು ಬರೆದರೆ ಓದುವವರು ತಾವೇ ಕಾರಣ ಹುಡುಕುವ ಕಷ್ಟ ತಪ್ಪುತ್ತದೆ. ಬರೆಯುವವರಿಗೂ ಇದೊಂದು ತಡೆ. ಕಾರಣವನ್ನು ಎಲ್ಲರೂ ಓದುವಂತೆ ಬರೆಯಲು ಮುಜುಗರವಾಗುತ್ತಿದ್ದರೆ ಆ ಹೆಸರು ಅಲ್ಲಿ ಇರಬಾರದು.

ಪ್ಲಾನಿಂಗ್‌ನ ಇಬ್ಬರು, ಸ್ಟೋರ್ಸ್‌ನ ಒಬ್ಬರು ಎಲ್ಲಿ ಹೋದರು? ಅವರು ಬೇಕಿರಲಿಲ್ಲ. ಓದಿದ ಮೇಲೆ ಅವರು ಬೇರೆ ರೀತಿ ಮಾಡುವಂಥದ್ದು ಏನೂ ಇರಲಿಲ್ಲ. ಗಾಡಿ ಶುಕ್ರವಾರಕ್ಕೆ ಹೋದರೆ ಸ್ಟೋರ್ಸ್‌ಗೆ ಹೇಳಬೇಕು, ಆಗ ಹೇಳಿದರಾಯಿತು. ಹೆಚ್ಚು ಜನರಿಗೆ ಹೋದಷ್ಟೂ ಕೆಲಸ ಬೇಗ ಆಗುತ್ತದೆ ಎನ್ನುವುದು ನಮ್ಮಲ್ಲಿ ಬೇರೂರಿದ ಭ್ರಮೆ. ಇಸ್ರೇಲಿನ ಬ್ಯಾರನ್ ಮತ್ತು ಯೆಕಿಯಾಮ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸಹಾಯ ಕೇಳುವ ಒಂದೇ ಮೇಲನ್ನು ಕೆಲವರಿಗೆ ಒಬ್ಬೊಬ್ಬರಾಗಿ, ಇನ್ನು ಕೆಲವರಿಗೆ ಐದು ಜನರ ಹೆಸರು ಒಟ್ಟಿಗೆ ಕಾಣುವಂತೆ ಕಳಿಸಿದ್ದರು. ಒಬ್ಬರಿಗೇ ಬಂದ ಮೇಲ್‌ಗೆ ಹೆಚ್ಚು ಉತ್ತರಗಳು ಬಂದವು, ಆ ಉತ್ತರಗಳು ಹೆಚ್ಚು ಉಪಯುಕ್ತವಾಗಿಯೂ ಇದ್ದವು. ಐದು ಹೆಸರು ಕಂಡಾಗ ಪ್ರತಿಯೊಬ್ಬರೂ ಉಳಿದ ನಾಲ್ವರಲ್ಲಿ ಯಾರಾದರೂ ಹೇಳುತ್ತಾರೆ ಬಿಡು ಎಂದುಕೊಳ್ಳುತ್ತಾರೆ. ‘ಡಿಯರ್ ಆಲ್, ಯಾರಾದರೂ ಖಚಿತಪಡಿಸಿ’ ಎಂಬ ಮೇಲ್‌ಗಳು ಅನಾಥವಾಗಿ ಬಿದ್ದಿರುವುದು ಇದಕ್ಕೇ. ಅನಿವಾರ್ಯವಾಗಿ ಹಲವರಿಗೆ ಬರೆಯಬೇಕಾದಾಗ ಮೇಲ್‌ನ ಒಳಗೆ ಯಾವ ಕೆಲಸ ಯಾರದು ಎಂದು ಹೆಸರು ಹಿಡಿದು ಬರೆಯುವುದೊಂದೇ ದಾರಿ.

ಇನ್ನು ರಿಪ್ಲೈ ಆಲ್. ಇದಕ್ಕಾಗಿ ಸವಿತಾ ಮೊದಲಿನ ಮೇಲನ್ನೇ ಕಳಿಸಿಬಿಟ್ಟಿದ್ದಳು ಎಂದು ಊಹಿಸೋಣ, ಏಕೆಂದರೆ ನಿಜಜೀವನದಲ್ಲಿ ಕಳಿಸಿಬಿಟ್ಟಿರುತ್ತೇವೆ. ಬುಧವಾರ ಬೆಳಿಗ್ಗೆ ರಮೇಶನ ಉತ್ತರ ಎಲ್ಲರಿಗೂ ಬರುತ್ತದೆ: “ಟೀಮ್, ದಯವಿಟ್ಟು ಗಮನಿಸಿ. ಸದರಿ ಲಾಟ್ ನಮ್ಮ ವಿಭಾಗಕ್ಕೆ ತಲುಪಿದ್ದೇ ಸೋಮವಾರ ಸಂಜೆ 5.40ಕ್ಕೆ. ಪ್ಲಾನಿಂಗ್‌ನಲ್ಲಿ ಈ ಲೋಡ್‌ಗೆ ಆದ್ಯತೆ ಎಂದು ನಮೂದಿಸಿರಲಿಲ್ಲ. ಕ್ವಾಲಿಟಿ ವಿಭಾಗದಿಂದ ಯಾವುದೇ ವಿಳಂಬವಾಗಿಲ್ಲ.”

ಸವಿತಾ ಎಂಬ ಹೆಸರೇ ಇಲ್ಲಿಲ್ಲ. ನಿನ್ನೆಯವರೆಗೆ ಕ್ಯಾಂಟೀನಿನಲ್ಲಿ ಒಟ್ಟಿಗೆ ಕಾಫಿ ಕುಡಿಯುತ್ತಿದ್ದವನು ‘ಟೀಮ್’ ಎಂದು ಸಂಬೋಧಿಸಿದ್ದಾನೆ. ‘ನಾನು’ ಹೋಗಿ ‘ಕ್ವಾಲಿಟಿ ವಿಭಾಗ’ ಬಂದಿದೆ. ಗಂಟೆ ನಿಮಿಷ ಕಾಣಿಸಿಕೊಂಡಿವೆ. ಸಭೆಯ ಮುಂದೆ ಮಾತಾಡುವಾಗ ಭಾಷೆ ಹೀಗೆ ಬಿಗಿದುಕೊಳ್ಳುತ್ತದೆ. ಮದುವೆ ಮಂಟಪದಲ್ಲಿ ನಾಲ್ಕು ಜನರ ಎದುರು ‘ಕೊಟ್ಟ ಸಾಲ ಯಾವಾಗ ವಾಪಸ್ ಕೊಡ್ತೀಯ’ ಎಂದು ಕೇಳಿದರೆ, ಕೊಡುವ ಮನಸ್ಸಿದ್ದವನೂ ಮೊದಲು ತನ್ನ ಮಾನ ಉಳಿಸಿಕೊಳ್ಳುವ ಮಾತನ್ನೇ ಆಡುತ್ತಾನೆ. ರಮೇಶನೂ ರಿಪೋರ್ಟ್ ಯಾವಾಗ ಕೊಡುತ್ತೇನೆಂದು ಹೇಳಲೇ ಇಲ್ಲ, ಗಮನಿಸಿದಿರಾ? ಕೇಳಿದ ಪ್ರಶ್ನೆಗೆ ಉತ್ತರವಿಲ್ಲದೆ ಕೇಳದ ಪ್ರಶ್ನೆಗೆ ಸಮಜಾಯಿಷಿ ಬಂದಿದ್ದರೆ, ಆ ಮೇಲ್ ಚೈನ್ ಕೆಲಸದಿಂದ ಮಾನದ ಕಡೆ ಜಾರಿದೆ ಎಂದರ್ಥ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ತಮ್ಮ ಹೆಸರು ಬಂದದ್ದರಿಂದ ಪ್ಲಾನಿಂಗ್‌ನವರು ರಿಪ್ಲೈ ಆಲ್ ಹೊಡೆಯುತ್ತಾರೆ. ಅದರಲ್ಲಿ ಸ್ಟೋರ್ಸ್‌ನ ಪ್ರಸ್ತಾಪ ಬರುತ್ತದೆ, ಸ್ಟೋರ್ಸ್‌ನವರು ತಮ್ಮ ಮ್ಯಾನೇಜರನ್ನು ಸೇರಿಸುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಚೈನ್‌ನಲ್ಲಿ ಹತ್ತು ಜನ, ಮೂವರು ಮ್ಯಾನೇಜರುಗಳು. ಶಾಫ್ಟ್‌ಗಳು ಇದ್ದಲ್ಲೇ ಇವೆ.

ಇದನ್ನು ನಿಲ್ಲಿಸಬಲ್ಲವಳು ಸವಿತಾ ಒಬ್ಬಳೇ, ಶುರು ಮಾಡಿದವಳು ಅವಳಾದ್ದರಿಂದ. ರಮೇಶನಿಗೆ ಖಾಸಗಿಯಾಗಿ ಉತ್ತರಿಸಿ ಸುಮ್ಮನಾದರೆ ಉಳಿದವರಿಗೆ ಜಗಳ ಇನ್ನೂ ನಡೆಯುತ್ತಿದೆ ಎಂದೇ ಕಾಣುತ್ತದೆ. ಎಲ್ಲರೆದುರು ಕೇಳಿದ್ದಕ್ಕೆ ಎಲ್ಲರೆದುರೇ ಒಂದು ಮುಕ್ತಾಯ ಬೇಕು. ಅವಳು ಮೊದಲು ರಮೇಶನಿಗೆ ಫೋನ್ ಮಾಡಿ ಮಾತಾಡಿ, ಆಮೇಲೆ ಎರಡೇ ಸಾಲು ಬರೆಯಬೇಕು: “ರಮೇಶ್ ಜೊತೆ ಮಾತಾಡಿದೆ. ರಿಪೋರ್ಟ್ ನಾಳೆ ಬೆಳಿಗ್ಗೆ 11ಕ್ಕೆ ಸಿಗುತ್ತದೆ, ಗಾಡಿ 3ಕ್ಕೆ ಹೊರಡುತ್ತದೆ. ಪ್ಲಾನಿಂಗ್ ಮತ್ತು ಸ್ಟೋರ್ಸ್‌ನವರನ್ನು ಬಿಸಿಸಿಗೆ ಸರಿಸಿದ್ದೇನೆ, ಇನ್ನು ಮುಂದಿನ ಮೇಲ್‌ಗಳು ಅವರಿಗೆ ಬರುವುದಿಲ್ಲ.” ಸೋಮವಾರ 5.40ರ ವಿಷಯಕ್ಕೆ ಉತ್ತರ ಕೊಡಬಾರದು, ಅದು ಸುಳ್ಳಾಗಿದ್ದರೂ ಸರಿ. ಎಲ್ಲರ ಮುಂದೆ ಸಮಯ, ದಿನಾಂಕ ಮಾತ್ರ ಹೇಳಿ, ಯಾರು ತಪ್ಪಿದರು ಎನ್ನುವುದನ್ನು ಫೋನಿಗೆ ಉಳಿಸಿಕೊಳ್ಳಬೇಕು.

ಹೀಗೆ ಹೇಳಿ ಬಿಸಿಸಿಗೆ ಸರಿಸುವುದು ಬಹಳ ಉಪಯೋಗದ ಕ್ರಮ. ಹೊರಹೋದವರಿಗೆ ತಾವು ಹೊರಹೋದದ್ದು ಗೊತ್ತಾಗುತ್ತದೆ, ಮುಂದೆ ಯಾರು ರಿಪ್ಲೈ ಆಲ್ ಒತ್ತಿದರೂ ಅವರಿಗೆ ತಲುಪುವುದಿಲ್ಲ. ಬಿಸಿಸಿಯ ಇನ್ನೊಂದು ಬಳಕೆಯಿದೆ: ಸಹೋದ್ಯೋಗಿಗೆ ಗೊತ್ತಾಗದಂತೆ ಸಾಹೇಬರನ್ನು ಅಲ್ಲಿ ಕೂರಿಸುವುದು. ಅದರ ಅಪಾಯ ತಾಂತ್ರಿಕವಾದದ್ದು. ಬಿಸಿಸಿಯಲ್ಲಿದ್ದ ಸಾಹೇಬರು ಮರೆತು ರಿಪ್ಲೈ ಆಲ್ ಒತ್ತಿದರೆ ಅವರ ಉತ್ತರ ಎಲ್ಲರಿಗೂ ಹೋಗುತ್ತದೆ, ಅವರು ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದದ್ದು ಬಯಲಾಗುತ್ತದೆ. ಅವರಿಗೆ ತಿಳಿಸಲೇಬೇಕಿದ್ದರೆ ಮೇಲ್ ಹೋದ ಮೇಲೆ ಸೆಂಟ್ ಫೋಲ್ಡರಿನಿಂದ ಅವರೊಬ್ಬರಿಗೇ ಫಾರ್ವರ್ಡ್ ಮಾಡಿ, ಏಕೆಂದು ಒಂದು ಸಾಲು ಸೇರಿಸುವುದು ಮೇಲು. ಕಿರುಕುಳದಂಥ ಗಂಭೀರ ದೂರು ಇದ್ದರೆ ಅದಕ್ಕೆ ಸಿಸಿಯೂ ಅಲ್ಲ, ಬಿಸಿಸಿಯೂ ಅಲ್ಲ. ಸಂಬಂಧಪಟ್ಟ ಸಮಿತಿಗೆ ನೇರವಾಗಿ ಪ್ರತ್ಯೇಕ ಪತ್ರವೇ ಆಗಬೇಕು.

ಮಧ್ಯದಲ್ಲಿ ಯಾರನ್ನಾದರೂ ಸೇರಿಸುವಾಗ ಮರೆಯುವ ಇನ್ನೊಂದು ವಿಷಯ, ಟ್ರೇಲ್ ಮೇಲ್. ‘ಆ್ಯಡಿಂಗ್ ನಾಗರಾಜ್ ಸರ್’ ಎಂದು ಬರೆದು ಹೆಸರು ಸೇರಿಸಿದ ಕೂಡಲೇ ಕೆಳಗಿನ ಹನ್ನೆರಡು ಮೇಲ್‌ಗಳೂ ಅವರ ಮುಂದೆ ತೆರೆದುಕೊಳ್ಳುತ್ತವೆ. ಅವುಗಳಲ್ಲಿ ರಮೇಶ ಸಲುಗೆಯಿಂದ ‘ನಮ್ಮ ಸರ್‌ದು ಗೊತ್ತಲ್ಲ’ ಎಂದು ಬರೆದದ್ದೂ ಇರಬಹುದು. ಇಬ್ಬರ ನಡುವೆ ಆಡಿದ್ದನ್ನು ಮೂರನೆಯವರಿಗೆ ದಾಟಿಸಲು ಅವನ ಒಪ್ಪಿಗೆ ಯಾರೂ ಕೇಳಿಲ್ಲ. ಹಾಗಾಗಿ ಹೊಸಬರು ಬರುವಾಗ ಹೊಸ ಮೇಲ್ ತೆರೆದು ಈವರೆಗಿನದನ್ನು ಮೂರು ಸಾಲಿನಲ್ಲಿ ಬರೆಯುವುದೇ ಸರಿ. ನಾಗರಾಜರಿಗೂ ಹನ್ನೆರಡು ಮೇಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದುವ ಶಿಕ್ಷೆ ತಪ್ಪುತ್ತದೆ.

ಧಾಟಿಯ ವಿಷಯದಲ್ಲಿ ಇನ್ನೊಂದು ಮಾತು. ಬರಹದಲ್ಲಿ ನಮ್ಮ ದನಿ ಎದುರಿನವರಿಗೆ ಕೇಳಿಸುತ್ತದೆ ಎಂದು ನಾವು ನಂಬುವಷ್ಟು ಅದು ಕೇಳಿಸುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮುಂತಾದವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮೇಲ್‌ನ ಮಾತು ವ್ಯಂಗ್ಯವೋ ನೇರವೋ ಎನ್ನುವುದನ್ನು ಓದುವವರು ನೂರಕ್ಕೆ 78ರಷ್ಟು ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಬರೆದವರು ಭಾವಿಸಿದ್ದರು. ನಿಜಕ್ಕೂ ಗುರುತಿಸಿದ್ದು 56ರಷ್ಟು ಸಲ, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ಮೇಲು. ಇದು ಒಬ್ಬರಿಗೆ ಒಬ್ಬರು ಬರೆದಾಗಿನ ಮಾತು. ಹತ್ತು ಜನ ಓದುವ ಕಡೆ ‘ಏನ್ ಸ್ಪೀಡಪ್ಪ ಕ್ವಾಲಿಟಿಯವರದು!’ ಎಂದು ತಮಾಷೆ ಮಾಡಿದರೆ ರಮೇಶನಿಗೆ ಅದು ತಮಾಷೆ ಎಂದು ತಿಳಿದರೂ, ಅವನನ್ನು ಬಲ್ಲದ ಸ್ಟೋರ್ಸ್ ಮ್ಯಾನೇಜರಿಗೆ ತಿಳಿಯಬೇಕಿಲ್ಲ.

ರಿಪ್ಲೈ ಆಲ್ ಎಂದಾಗ ಬಹಳ ಜನ ನೆನೆಯುವುದು ದೊಡ್ಡ ಅನಾಹುತಗಳನ್ನು. 1997ರಲ್ಲಿ ಮೈಕ್ರೋಸಾಫ್ಟ್‌ನಲ್ಲೇ, ಸಾವಿರಾರು ಉದ್ಯೋಗಿಗಳಿದ್ದ ಒಂದು ಪಟ್ಟಿಯಿಂದ ‘ನನ್ನನ್ನು ತೆಗೆಯಿರಿ’ ಎಂದು ಒಬ್ಬರು ಬರೆದದ್ದಕ್ಕೆ ‘ನನ್ನನ್ನೂ’, ‘ನನ್ನನ್ನೂ’ ಎಂದು ಉತ್ತರಗಳು ಎಲ್ಲರಿಗೂ ಹೋಗಿ ಮೇಲ್ ವ್ಯವಸ್ಥೆಯೇ ಕುಸಿದಿತ್ತು. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾರ್ಥ ಮೇಲ್ 8 ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಹೋಗಿ ಅದೇ ಗತಿಯಾಯಿತು. 2020ರಲ್ಲಿ ಮೈಕ್ರೋಸಾಫ್ಟ್ ಇದಕ್ಕೊಂದು ತಡೆ ತಂದಿತು: ಆರಂಭದ ಲೆಕ್ಕದಂತೆ 5,000ಕ್ಕೂ ಹೆಚ್ಚು ಜನರಿರುವ ಚೈನ್‌ಗೆ ಒಂದು ಗಂಟೆಯೊಳಗೆ 10 ರಿಪ್ಲೈ ಆಲ್ ಬಂದರೆ ಮುಂದಿನವು 4 ಗಂಟೆ ಕಾಲ ನಿಲ್ಲುತ್ತವೆ. ಕೇಳಲು ಮಜವಾಗಿದೆ. ಆದರೆ ಐದು ಸಾವಿರ ಜನರ ಚೈನ್‌ನಲ್ಲಿ ಯಾರ ಮನಸ್ಸೂ ನೋಯುವುದಿಲ್ಲ, ಅಲ್ಲಿ ನಗೆ ಹೆಚ್ಚು. ನೋವಾಗುವುದು ಏಳೆಂಟು ಜನರ ಚೈನ್‌ನಲ್ಲಿ. ಅದಕ್ಕೆ ಯಾವ ಸಾಫ್ಟ್‌ವೇರೂ ತಡೆ ಹಾಕಿಲ್ಲ.

ನಾವೇ ಹಾಕಿಕೊಳ್ಳಬಹುದಾದ ಸಣ್ಣ ತಡೆಗಳಿವೆ. ಮೇಲ್‌ನ ಒಡಲನ್ನು ಮೊದಲು ಬರೆದು ವಿಳಾಸಗಳನ್ನು ಕೊನೆಯಲ್ಲಿ ತುಂಬುವುದು; ಆಗ ಪ್ರತಿ ಹೆಸರನ್ನೂ ಬೇಕೆಂದೇ ಟೈಪ್ ಮಾಡಬೇಕಾಗುತ್ತದೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ `Default reply behavior` ಎಂಬುದನ್ನು `Reply` ಎಂದೇ ಇಟ್ಟುಕೊಂಡು, `Undo Send` ಅವಧಿಯನ್ನು ಗರಿಷ್ಠ 30 ಸೆಕೆಂಡಿಗೆ ಏರಿಸಿಕೊಳ್ಳುವುದು. ಔಟ್‌ಲುಕ್‌ನಲ್ಲಿ ಕಳಿಸಿದ ಮೇಲ್ ಕೆಲವು ನಿಮಿಷ ಔಟ್‌ಬಾಕ್ಸ್‌ನಲ್ಲೇ ನಿಲ್ಲುವಂತೆ ರೂಲ್ ಹಾಕಬಹುದು. ಸಿಟ್ಟಿನಲ್ಲಿ ಬರೆದ ಮೇಲ್‌ಗೆ 30 ಸೆಕೆಂಡು ಸಾಲದು, ಐದು ನಿಮಿಷ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಗುರುವಾರ ರಿಪೋರ್ಟ್ ಬಂದು ಗಾಡಿ ಹೊರಟ ಮೇಲೆ ಒಂದು ಮೇಲ್ ಬಾಕಿ ಉಳಿಯುತ್ತದೆ. ಅದನ್ನು ಬರೆಯುವವರು ಕಡಿಮೆ. ರಮೇಶನಿಗೆ ಥ್ಯಾಂಕ್ಸ್ ಹೇಳಿ ನಾಗರಾಜರನ್ನು ಸಿಸಿಯಲ್ಲಿ ಇಡುವ ಮೇಲ್ ಅದು. ಇಲ್ಲಿ ಕಾರಣ ಬರೆಯುವ ಅಗತ್ಯವೂ ಇಲ್ಲ, ಏಕಿಟ್ಟಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಮುಂದಿನ ಸಲ ಸವಿತಾಳ ಮೇಲ್‌ನ ಸಿಸಿಯಲ್ಲಿ ನಾಗರಾಜರ ಹೆಸರು ಕಂಡಾಗ ರಮೇಶನ ಮನಸ್ಸಿಗೆ ಬರುವ ಕಾರಣ ಚಾಡಿಯೊಂದೇ ಆಗಿರುವುದಿಲ್ಲ. “ಬೆಳಿಗ್ಗೆ ಬೇಗ ಬಂದು ರಿಪೋರ್ಟ್ ಮುಗಿಸಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ರಮೇಶ್, ಗಾಡಿ 3ಕ್ಕೇ ಹೊರಟಿತು” ಎಂದಷ್ಟೇ ಇದ್ದರೆ ಸಾಕು. ಬರೆಯುವಾಗ ಅಭ್ಯಾಸಬಲದಿಂದ ‘ಕೊನೆಗೂ’ ಎಂಬ ಪದವೊಂದು ನುಸುಳಿದ್ದರೆ, ಕಳಿಸುವ ಮುಂಚೆ ಅಳಿಸಿಬಿಡಿ.